ಹದಿನಾಲ್ಕನೆಯ ಮನೆಯ ಅರ್ಜಿ

ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ನಾನು ಬರೆದ ಮೊದಲ ಪತ್ರದಲ್ಲಿ ಇದ್ದದ್ದು ನಾಲ್ಕೇ ಸಾಲು. ಎಲೆಕ್ಟ್ರಿಕ್ ಕಾರು ಬುಕ್ ಮಾಡಿದ್ದೇವೆ, ನಮ್ಮ ಪಾರ್ಕಿಂಗ್ ಜಾಗದಲ್ಲಿ ಒಂದು ಚಾರ್ಜಿಂಗ್ ಪಾಯಿಂಟ್ ಹಾಕಿಸಿಕೊಳ್ಳಲು ಅನುಮತಿ ಕೊಡಬೇಕು, ಖರ್ಚೆಲ್ಲ ನಮ್ಮದೇ, ಇಂತಿ ವಂದನೆಗಳು. ಹದಿನೈದು ದಿನದ ಮೇಲೆ ಉತ್ತರ ಬಂತು. ಸುರಕ್ಷತೆಯ ದೃಷ್ಟಿಯಿಂದ ಸದ್ಯಕ್ಕೆ ಅನುಮತಿ ಕೊಡಲು ಆಗುವುದಿಲ್ಲ ಎಂದು ಒಂದೇ ಸಾಲು.

ಕೋಪ ಬಂತು. ನಮ್ಮ ಹೆಸರಿನ ಜಾಗ, ನಮ್ಮ ದುಡ್ಡು, ನಮ್ಮ ಮೀಟರು, ಇವರಿಗೇನು ಕಷ್ಟ ಅಂದುಕೊಂಡೆ. ಬೆಂಗಳೂರಿನಲ್ಲಿ ಇಂಥ ಪತ್ರ ಬರೆದು ಇಂಥದೇ ಉತ್ತರ ಪಡೆದವರು ಬಹಳ ಜನ ಇದ್ದಾರೆ, ಹೆಚ್ಚಿನವರ ಕತೆ ಆ ಕೋಪದಲ್ಲೇ ನಿಲ್ಲುತ್ತದೆ. ನಮ್ಮದು ಮುಂದುವರಿಯಲು ಕಾರಣ ಮೂರನೇ ಮಹಡಿಯ ಹಿರಿಯರೊಬ್ಬರು. ಕೆಇಬಿಯ ಕಾಲದಿಂದ ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಲಿಫ್ಟಿನ ಹತ್ತಿರ ಸಿಕ್ಕಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ನೋಡಮ್ಮ, ನಿನಗೆ ಕೊಡೋದು ಕಷ್ಟವಲ್ಲ. ನಿನ್ನ ಹಾಗೇ ಕೇಳ್ಕೊಂಡು ಹದಿನಾಲ್ಕನೆಯವರು ಬಂದಾಗ ಕಮಿಟಿ ಏನು ಹೇಳಬೇಕು?"

ಹದಿನಾಲ್ಕು ಅನ್ನುವ ಲೆಕ್ಕ ಅವರು ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿದ್ದಲ್ಲ ಎಂದು ಗೊತ್ತಾಗಲು ಎರಡು ವಾರ ಬೇಕಾಯಿತು.

ಮೊದಲು ಒಂದು ಕಾರು ಎಷ್ಟು ಕರೆಂಟು ಕುಡಿಯುತ್ತದೆ ಎಂದು ನೋಡೋಣ. ಸಾಮಾನ್ಯ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್ಟಿಗೆ ಆರರಿಂದ ಏಳು ಕಿಲೋಮೀಟರು ಓಡುತ್ತದೆ. ದಿನಕ್ಕೆ 35 ಕಿಲೋಮೀಟರು ಓಡಾಡುವವರಿಗೆ, ಚಾರ್ಜ್ ಆಗುವಾಗ ಶಾಖವಾಗಿ ಹೋಗುವುದನ್ನೂ ಸೇರಿಸಿದರೆ, ಆರು ಯೂನಿಟ್ ಬೇಕು. ಕಾರಿನ ಜೊತೆ ಕೊಡುವ ಚಾರ್ಜರನ್ನು ಮನೆಯ ಗೀಸರಿಗೆ ಹಾಕುವಂಥ ದೊಡ್ಡ ಮೂರು ಪಿನ್ನಿನ ಪ್ಲಗ್ಗಿಗೆ ಸಿಕ್ಕಿಸಿದರೆ 15 ಆಂಪ್ಸ್, ಅಂದರೆ ಸುಮಾರು 3.3 ಕಿಲೋವ್ಯಾಟ್ ಎಳೆಯುತ್ತದೆ. ಎರಡು ಎಸಿ ಒಟ್ಟಿಗೆ ಓಡಿದಂತೆ. ಆ ಲೆಕ್ಕದಲ್ಲಿ ಆರು ಯೂನಿಟ್ ತುಂಬಲು ಎರಡು ಗಂಟೆಯೂ ಬೇಡ. ಗೋಡೆಗೆ ಹಾಕುವ ದೊಡ್ಡ ಚಾರ್ಜರು 7.4 ಕಿಲೋವ್ಯಾಟಿನದು. ಅದನ್ನೇ ಹಾಕಿಸಿ ಎಂದು ಶೋರೂಮಿನಲ್ಲಿ ಹೇಳುತ್ತಾರೆ. ರಾತ್ರಿಯಿಡೀ ನಿಂತಿರುವ ಕಾರಿಗೆ ಆ ಅವಸರ ಇಲ್ಲ. ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಅದು ಕಟ್ಟಡದ ಲೆಕ್ಕವನ್ನೇ ಬುಡಮೇಲು ಮಾಡುತ್ತದೆ.

ಕಟ್ಟಡದ ಲೆಕ್ಕ ಹೀಗಿದೆ. ನಮ್ಮದು 48 ಮನೆ. ಗೇಟಿನ ಪಕ್ಕದ ಟ್ರಾನ್ಸ್‌ಫಾರ್ಮರು 250 ಕೆವಿಎ. ಅದರಿಂದ ಬಳಕೆಗೆ ಸಿಗುವುದು ಸುಮಾರು 225 ಕಿಲೋವ್ಯಾಟ್. ಬೆಸ್ಕಾಂ ಪ್ರತಿ ಮನೆಗೆ ಮಂಜೂರು ಮಾಡಿದ ಲೋಡ್ 3 ಕಿಲೋವ್ಯಾಟ್, ಒಟ್ಟು 144. ಲಿಫ್ಟು, ನೀರಿನ ಪಂಪು, ಎಸ್‌ಟಿಪಿ, ಕಾರಿಡಾರಿನ ದೀಪಗಳಿಗೆ 26. ಎಲ್ಲ ಸೇರಿ 170. ಉಳಿಯುವುದು 55 ಕಿಲೋವ್ಯಾಟ್.

ಈ 55 ಯಾರ ಸ್ವತ್ತು? ಯಾರದೂ ಅಲ್ಲ, ಎಲ್ಲರದೂ ಹೌದು. ಮನೆಯ ಮೀಟರಿನಿಂದಲೇ ಕೆಳಕ್ಕೆ ವೈರ್ ಎಳೆದು ಕಾರಿಗೆ ಹಾಕಿಕೊಂಡರೆ, ನನ್ನ ಮನೆಯ ಮಂಜೂರಾದ ಲೋಡನ್ನು 3ರಿಂದ 7ಕ್ಕೆ ಏರಿಸಿಕೊಳ್ಳಬೇಕು. 4 ಕಿಲೋವ್ಯಾಟ್ ನಾನು ತೆಗೆದುಕೊಂಡೆ. ಹೀಗೇ ಒಬ್ಬೊಬ್ಬರೂ ನಾಲ್ಕು ನಾಲ್ಕು ತೆಗೆದುಕೊಂಡರೆ 13 ಮನೆಗೆ 52 ಖರ್ಚಾಗುತ್ತದೆ. ಹದಿನಾಲ್ಕನೆಯವರು ಅರ್ಜಿ ಹಾಕಿದ ದಿನ ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಕಿಸಬೇಕು ಅನ್ನುವ ಮಾತು ಬರುತ್ತದೆ. ಅದರ ಖರ್ಚು ಲಕ್ಷಗಳಲ್ಲಿ. ಮೊದಲ ಹದಿಮೂರು ಮಂದಿ ಪೈಸೆ ಕೊಡದೆ ಎಲ್ಲರ ಉಳಿಕೆಯನ್ನು ಬಳಸಿಕೊಂಡಿರುತ್ತಾರೆ. "ಖರ್ಚೆಲ್ಲ ನಮ್ಮದೇ" ಎಂದು ನಾನು ಬರೆದದ್ದು ನಿಜವಾಗಿರಲಿಲ್ಲ. ಕಮಿಟಿಯವರಿಗೆ ಇಷ್ಟು ಬಿಡಿಸಿ ಹೇಳಲು ಬಂದಿರಲಿಲ್ಲ, ಅದಕ್ಕೇ ಸುರಕ್ಷತೆ ಅನ್ನುವ ಪದ ಬಳಸಿದ್ದರು.

ಮಂಜೂರಾದ ಲೋಡಿಗೂ ನಿಜವಾಗಿ ಓಡುವ ಲೋಡಿಗೂ ಅಂತರ ಬಹಳ ಎಂದು ಹಿರಿಯರು ಹೇಳಿದರು. ಒಂದು ವಾರ ದಿನಕ್ಕೆ ನಾಲ್ಕು ಸಲ ಪ್ಯಾನೆಲ್ ರೂಮಿನ ದೊಡ್ಡ ಬೋರ್ಡಿನ ಮೀಟರು ನೋಡಿ ಬರೆದಿಡಲು ಸೆಕ್ಯುರಿಟಿಯವರಿಗೆ ಒಂದು ಪುಸ್ತಕ ಕೊಟ್ಟೆವು. ಆ ಟ್ರಾನ್ಸ್‌ಫಾರ್ಮರು ಒಂದೊಂದು ಫೇಸಿನಲ್ಲಿ ಸುಮಾರು 350 ಆಂಪ್ಸ್ ಕೊಡಬಲ್ಲದು. ಬೆಳಗ್ಗೆ ಏಳಕ್ಕೆ, ಎಲ್ಲರ ಮನೆಯ ಗೀಸರೂ ಉರಿಯುವಾಗ, ಆರ್ ಫೇಸಿನಲ್ಲಿ 190, ವೈ ಫೇಸಿನಲ್ಲಿ 150, ಬಿ ಫೇಸಿನಲ್ಲಿ 110 ಇತ್ತು. ದಿನದ ಅತಿ ಹೆಚ್ಚಿನ ಬಳಕೆಯೇ ಇದು, ಆಗಲೂ ಟ್ರಾನ್ಸ್‌ಫಾರ್ಮರಿನ ಅರ್ಧ ಖಾಲಿ. ರಾತ್ರಿ ಹನ್ನೊಂದರ ನಂತರ ಮೂರೂ ಫೇಸಿನಲ್ಲಿ 60ರ ಆಸುಪಾಸು. ಕಾಗದದ ಮೇಲೆ ಮುಕ್ಕಾಲು ತುಂಬಿದಂತೆ ಕಾಣುವ ಕಟ್ಟಡ ರಾತ್ರಿ ಹೊತ್ತು ಬಹುಪಾಲು ಬರಿದೇ ಇರುತ್ತದೆ. ಆರ್ ಫೇಸಿಗೆ ಹೆಚ್ಚು ಹೊರೆ ಬಿದ್ದಿದೆ ಅನ್ನುವುದೂ ಆಗಲೇ ಗೊತ್ತಾಯಿತು. ಹೊಸದೇನಾದರೂ ಸೇರಿಸುವಾಗ ಮೂರು ಫೇಸಿಗೂ ಸಮವಾಗಿ ಹಂಚದೆ ಇದ್ದರೆ ಕಷ್ಟ.

ಈ ಒಂದು ವಾರದ ಪುಸ್ತಕವೇ ನಮ್ಮ ಎರಡನೇ ಪತ್ರದ ಬೆನ್ನೆಲುಬಾಯಿತು. ಅರ್ಜಿ ಬರೆಯುವ ಯಾರಿಗಾದರೂ ನಾನು ಹೇಳುವುದು ಇದನ್ನೇ. ಮೊದಲು ಅಳೆಯಿರಿ. ಬೇರೆ ಕಟ್ಟಡದ ಲೆಕ್ಕ ನಿಮ್ಮ ಕಟ್ಟಡಕ್ಕೆ ಹೊಂದುವುದಿಲ್ಲ.

ಅಳೆದ ಮೇಲೆ ದಾರಿ ತಾನಾಗಿ ಕಂಡಿತು. ಮನೆಮನೆಯ ಮೀಟರಿನಿಂದ ಒಂದೊಂದು ವೈರ್ ಎಳೆಯುವ ಬದಲು ವಾಹನ ಚಾರ್ಜಿಂಗಿಗೆಂದೇ ಸಂಘದ ಹೆಸರಿನಲ್ಲಿ 40 ಕಿಲೋವ್ಯಾಟಿನ ಪ್ರತ್ಯೇಕ ಸಂಪರ್ಕ ಪಡೆಯುವುದು. ಪ್ಯಾನೆಲ್ ರೂಮಿನಿಂದ ಬೇಸ್‌ಮೆಂಟಿನ ನಡುವಿನ ಕಂಬದವರೆಗೆ ಮೂರು ಫೇಸಿನ ಒಂದೇ ದಪ್ಪ ಕೇಬಲ್, ಅಲ್ಲಿ ಒಂದು ಬೋರ್ಡು, ಬೋರ್ಡಿನಿಂದ ಒಂದೊಂದು ಪಾರ್ಕಿಂಗಿಗೆ ಚಿಕ್ಕ ಚಿಕ್ಕ ಕೇಬಲ್, ಪ್ರತಿಯೊಂದಕ್ಕೂ ಒಂದು ಸಬ್‌ಮೀಟರ್. 55ರಲ್ಲಿ 40 ಹೋಗುತ್ತದೆ, ಟ್ರಾನ್ಸ್‌ಫಾರ್ಮರ್ ಬದಲಿಸಬೇಕಿಲ್ಲ. ಒಂದೇ ಹೊತ್ತಿಗೆ 12 ಕಾರು ಚಾರ್ಜ್ ಆಗಬಹುದು, ಫೇಸಿಗೆ ನಾಲ್ಕರಂತೆ. ರಾತ್ರಿಯ 60 ಆಂಪ್ಸಿಗೆ ಇನ್ನೊಂದು 60 ಸೇರಿ 120 ಆಗುತ್ತದೆ, 350ರ ಹತ್ತಿರಕ್ಕೂ ಬರುವುದಿಲ್ಲ.

ಹನ್ನೆರಡೇ ಆದರೆ ಹದಿನಾಲ್ಕನೆಯವರ ಪ್ರಶ್ನೆ ಹಾಗೇ ಉಳಿಯಿತಲ್ಲ? ಇಲ್ಲ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಎಂಟು ಗಂಟೆ. 40 ಕಿಲೋವ್ಯಾಟಿನಂತೆ ಎಂಟು ಗಂಟೆಗೆ 320 ಯೂನಿಟ್ ಸಿಗುತ್ತದೆ. 48 ಮನೆಗೂ ಒಂದೊಂದು ಕಾರು ಬಂದು ಪ್ರತಿಯೊಂದಕ್ಕೂ ದಿನಕ್ಕೆ ಆರು ಯೂನಿಟ್ ಬೇಕಾದರೂ ಒಟ್ಟು 288. ಹನ್ನೆರಡರಂತೆ ನಾಲ್ಕು ಸರದಿ, ಸರದಿಗೆ ಎರಡು ಗಂಟೆ. ಹೆಚ್ಚಿನ ಕಾರುಗಳಲ್ಲಿ ಎಷ್ಟು ಹೊತ್ತಿಗೆ ಚಾರ್ಜ್ ಶುರುವಾಗಬೇಕು ಎಂದು ಹೊಂದಿಸಿಡಬಹುದು, ಇಲ್ಲದಿದ್ದರೆ ಬೋರ್ಡಿನಲ್ಲೇ ಟೈಮರ್ ಹಾಕಬಹುದು. ಕಟ್ಟಡದ ಪ್ರತಿ ಮನೆಗೂ ಸಾಕಾಗುವಷ್ಟು ಕರೆಂಟು ಈಗಿರುವ ಟ್ರಾನ್ಸ್‌ಫಾರ್ಮರಿನಲ್ಲೇ ಇದೆ, ಎಲ್ಲರೂ 3.3ಕ್ಕೆ ಒಪ್ಪಿ ಸರದಿಗೆ ಒಪ್ಪಿದರೆ. 7.4ರ ಚಾರ್ಜರು ಬಂದರೆ ಐದು ಮನೆಗೇ 40 ಮುಗಿಯುತ್ತದೆ.

ಈ ಲೆಕ್ಕದಲ್ಲಿ ಒಂದು ಕುಂದಿದೆ. ಮೈಸೂರಿಗೆ ಹೋಗಿ ಬಂದು ಬ್ಯಾಟರಿ ಬರಿದು ಮಾಡಿಕೊಂಡವರಿಗೆ ಆರು ಯೂನಿಟ್ ಸಾಲದು, 25 ಬೇಕು. ಎರಡು ಗಂಟೆಯ ಸರದಿಯಲ್ಲಿ ಅವರ ಕಾರು ತುಂಬುವುದಿಲ್ಲ. ಸದ್ಯ ನಮ್ಮಲ್ಲಿ ಕಾರು ಕಡಿಮೆ ಇರುವುದರಿಂದ ಸರದಿಯ ಅಗತ್ಯವೇ ಬಿದ್ದಿಲ್ಲ, ಬಿದ್ದಾಗ ಇಂಥವರು ಆ ಒಂದು ದಿನ ಹೊರಗಿನ ಚಾರ್ಜಿಂಗ್ ಸ್ಟೇಷನ್ನಿಗೆ ಹೋಗಬೇಕು. ಅದನ್ನೂ ಪತ್ರದಲ್ಲಿ ಬರೆದೆವು.

ಪ್ರತ್ಯೇಕ ಮೀಟರಿನಿಂದ ಇನ್ನೊಂದು ಲಾಭ ಇದೆ. ಅದು ಬಾಡಿಗೆ ಮನೆಯವರಿಗೆ ಮುಖ್ಯ. ಗೃಹಜ್ಯೋತಿಯ ಫಲಾನುಭವಿಯ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಮನೆಗೆ 140 ಯೂನಿಟ್ ಬಳಸುವವರು ಕಾರನ್ನೂ ಅದೇ ಮೀಟರಿಗೆ ಹಾಕಿದರೆ, ತಿಂಗಳಿಗೆ ಸಾವಿರ ಕಿಲೋಮೀಟರಿಗೆ 150ಕ್ಕೂ ಹೆಚ್ಚು ಯೂನಿಟ್ ಸೇರಿ, 290 ದಾಟುತ್ತದೆ. ಕಾರಿನ ಕರೆಂಟಿಗೆ ಮಾತ್ರವಲ್ಲ, ಇಷ್ಟು ದಿನ ಶೂನ್ಯ ಬರುತ್ತಿದ್ದ ಮನೆಯ ಕರೆಂಟಿಗೂ ದುಡ್ಡು ಬೀಳುತ್ತದೆ. ಶೋರೂಮಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಜನರೇಟರಿನ ಮಾತೂ ಇಲ್ಲೇ ಬರುತ್ತದೆ. ಕರೆಂಟು ಹೋದಾಗ ಕಾಮನ್ ಲೈನಿಗೆ ಡಿಜಿ ಬರುತ್ತದೆ. ಚಾರ್ಜಿಂಗ್ ಪಾಯಿಂಟು ಆ ಲೈನಿನ ಮೇಲಿದ್ದರೆ ಡೀಸೆಲ್ ಸುಟ್ಟು ಕಾರಿನ ಬ್ಯಾಟರಿ ತುಂಬಿಸಿದಂತೆ. ಡಿಜಿಯ ಯೂನಿಟ್ಟಿನ ಖರ್ಚು ಬೆಸ್ಕಾಂ ದರದ ಎಷ್ಟೋ ಪಟ್ಟು, ಅದು ಎಲ್ಲರ ಮೇಂಟೆನೆನ್ಸಿನಲ್ಲಿ ಹಂಚಿಹೋಗುತ್ತದೆ. ಆದ್ದರಿಂದ ಚಾರ್ಜಿಂಗ್ ಬೋರ್ಡಿಗೆ ಲೈನು ಕೊಡಬೇಕಾದದ್ದು ಡಿಜಿಗೆ ಬದಲಾಗುವ ಚೇಂಜ್‌ಓವರ್ ಸ್ವಿಚ್ಚಿಗಿಂತ ಮುಂಚೆ, ಬೆಸ್ಕಾಂ ಮೀಟರಿನ ಬೆನ್ನಿಗೇ. ಕರೆಂಟು ಹೋದರೆ ಚಾರ್ಜಿಂಗ್ ನಿಲ್ಲುತ್ತದೆ, ಬಂದಾಗ ಮುಂದುವರಿಯುತ್ತದೆ. ನಮ್ಮ ಖಜಾಂಚಿಯವರ ವಿರೋಧ ಅರ್ಧ ಕರಗಿದ್ದು ಈ ಒಂದು ವಾಕ್ಯಕ್ಕೆ.

ಉಳಿದರ್ಧ, ಸಂಘ ಹೀಗೆ ಕರೆಂಟು ಮಾರಬಹುದೇ ಅನ್ನುವುದು. ಬೆಸ್ಕಾಂನಿಂದ ತೆಗೆದುಕೊಂಡು ಸಬ್‌ಮೀಟರಿನಲ್ಲಿ ಅಳೆದು ಹಣ ಪಡೆದರೆ ಲೈಸೆನ್ಸ್ ಇಲ್ಲದೆ ವಿದ್ಯುತ್ ಮಾರಿದಂತೆ ಅಲ್ಲವೇ ಎಂದು ಅವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ವಾಹನದ ಬ್ಯಾಟರಿ ಚಾರ್ಜ್ ಮಾಡುವುದು ಒಂದು ಸೇವೆ, ಅದು ವಿದ್ಯುತ್ ಮಾರಾಟ ಅಲ್ಲ, ಅದಕ್ಕೆ ವಿದ್ಯುತ್ ಕಾಯ್ದೆಯ ಲೈಸೆನ್ಸ್ ಬೇಕಿಲ್ಲ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರ ಏಪ್ರಿಲ್ 13ರಂದೇ ಸ್ಪಷ್ಟಪಡಿಸಿದೆ. ಆ ಒಂದು ಹಾಳೆಯನ್ನು ಪತ್ರಕ್ಕೆ ಲಗತ್ತಿಸಿದೆವು.

ಕಾನೂನು ಅರ್ಜಿದಾರರಿಗೆ ಎಷ್ಟು ಬಲ ಕೊಡುತ್ತದೆ? ಸ್ವಲ್ಪ ಕೊಡುತ್ತದೆ, ಪೂರ್ತಿ ಅಲ್ಲ. ವಿದ್ಯುತ್ ಗ್ರಾಹಕರ ಹಕ್ಕುಗಳ 2020ರ ನಿಯಮಗಳಿಗೆ 2024ರ ಫೆಬ್ರವರಿಯಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ವಾಹನ ಚಾರ್ಜಿಂಗಿಗೆ ಪ್ರತ್ಯೇಕ ಸಂಪರ್ಕ ಕೇಳಲು ಗ್ರಾಹಕರಿಗೆ ಅವಕಾಶ ಇದೆ, ಅರ್ಜಿ ಪೂರ್ಣವಾಗಿದ್ದರೆ ಮಹಾನಗರಗಳಲ್ಲಿ ಹೊಸ ಸಂಪರ್ಕಕ್ಕೆ ಮೂರು ದಿನದ ಗಡುವು. ಹೊಸ ಲೈನೋ ಟ್ರಾನ್ಸ್‌ಫಾರ್ಮರೋ ಬೇಕಾದಾಗ ಮಾತ್ರ ಈ ಗಡುವು ನಡೆಯುವುದಿಲ್ಲ. 2019ರ ಫೆಬ್ರವರಿಯಲ್ಲಿ ಕೇಂದ್ರ ತನ್ನ ಮಾದರಿ ಕಟ್ಟಡ ಬೈಲಾಗಳಿಗೆ ತಿದ್ದುಪಡಿ ತಂದು, ಪಾರ್ಕಿಂಗಿನ 20 ಶೇಕಡಾ ಜಾಗಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಬೇಕೆಂದಿತು. ಅದು ಹೊಸ ಕಟ್ಟಡಗಳ ನಕ್ಷೆಗೆ ಸಂಬಂಧಿಸಿದ ಮಾದರಿ. ಹದಿನೈದು ವರ್ಷದ ಹಿಂದಿನ ನಮ್ಮ ಕಟ್ಟಡಕ್ಕೆ ಅದನ್ನು ತೋರಿಸಿ ವಾದಿಸಿದರೆ ನಿಲ್ಲುವುದಿಲ್ಲ.

ಇವೆಲ್ಲ ಬೆಸ್ಕಾಂ ಏನು ಮಾಡಬೇಕು ಎನ್ನುವುದನ್ನು ಹೇಳುತ್ತವೆ. ಬೇಸ್‌ಮೆಂಟಿನ ಗೋಡೆ, ಸೂರು, ಕೇಬಲ್ ಹೋಗುವ ದಾರಿ ಮಾತ್ರ ಎಲ್ಲ ಮನೆಯವರ ಅವಿಭಜಿತ ಸ್ವತ್ತು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಅಡಿಯ ಸಂಘವಾದರೆ ಮೊದಲು ನಿಮ್ಮ ಬೈಲಾ ತೆಗೆದು ಓದಿ. ಮನೆಯೊಳಗೆ ಬದಲಾವಣೆ ಮಾಡುವವರು ಸಂಘಕ್ಕೆ ಬರೆದು ತಿಳಿಸಬೇಕು, ಸಂಘ 30 ದಿನದಲ್ಲಿ ಉತ್ತರಿಸದಿದ್ದರೆ ಆಕ್ಷೇಪ ಇಲ್ಲವೆಂದೇ ಅರ್ಥ ಅನ್ನುವ ಸಾಲು ಅನೇಕ ಬೈಲಾಗಳಲ್ಲಿದೆ. ಆ ಸಾಲನ್ನು ಹಿಡಿದುಕೊಂಡು ಬೇಸ್‌ಮೆಂಟಿನಲ್ಲಿ ಕೇಬಲ್ ಎಳೆಯಲು ಹೋಗಬೇಡಿ. ಅದು ನಿಮ್ಮ ಮನೆಯ ಒಳಗಿನ ಮಾತು. ಬೇಸ್‌ಮೆಂಟಿಗೆ ಸಂಘದ ಲಿಖಿತ ಒಪ್ಪಿಗೆ ಬೇಕೇ ಬೇಕು, ಎಲ್ಲರಿಗೂ ಅನ್ವಯಿಸುವ ನಿಯಮ ಮಾಡುವುದಾದರೆ ಸರ್ವಸದಸ್ಯರ ಸಭೆಯ ನಿರ್ಣಯವೇ ವಾಸಿ. ಕಮಿಟಿ ಬದಲಾದರೂ ನಿರ್ಣಯ ಉಳಿಯುತ್ತದೆ.

ಬೆಂಕಿಯ ಭಯಕ್ಕೆ ಬರುತ್ತೇನೆ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರುಗಳು ಹೊತ್ತಿ ಉರಿದ ವಿಡಿಯೋಗಳನ್ನು ನಮ್ಮ ಕಟ್ಟಡದ ಹಿರಿಯರೆಲ್ಲ ನೋಡಿದ್ದಾರೆ. ಅವರ ಮನೆಯ ಕೆಳಗೆ ಬೇಸ್‌ಮೆಂಟು ಇದೆ. ಏನೂ ಆಗುವುದಿಲ್ಲ ಎಂದು ಅವರಿಗೆ ಹೇಳುವುದು ತಪ್ಪು. ಆ ಘಟನೆಗಳ ನಂತರ ಬ್ಯಾಟರಿ ಪರೀಕ್ಷೆಯ ನಿಯಮಗಳು ಬಿಗಿಯಾದವು, 2022ರ ಡಿಸೆಂಬರಿನಲ್ಲಿ ಒಂದು ಹಂತ, 2023ರ ಮಾರ್ಚ್ ಕೊನೆಯಲ್ಲಿ ಇನ್ನೊಂದು ಹಂತ ಜಾರಿಗೆ ಬಂತು. ಅಪಾಯ ಕಡಿಮೆಯಾಗಿದೆ, ಇಲ್ಲವೇ ಇಲ್ಲ ಎಂದಲ್ಲ. ಲಿಥಿಯಂ ಬ್ಯಾಟರಿ ಒಳಗಿನಿಂದ ಕಾದು ಹೊತ್ತಿಕೊಂಡರೆ ಗೋಡೆಗೆ ತೂಗುಹಾಕಿದ ಪುಡಿಯ ಸಿಲಿಂಡರು ಅದನ್ನು ಆರಿಸಲಾರದು, ಬಹಳ ನೀರು ಸುರಿದು ತಣ್ಣಗೆ ಮಾಡಬೇಕು.

ನಾನು ಸಭೆಯಲ್ಲಿ ಕೇಳಿದ್ದು ಬೇರೆ. ಪಾಯಿಂಟು ಕೊಡದೆ ಇದ್ದರೆ ಈ ವಾಹನಗಳು ಎಲ್ಲಿ ಚಾರ್ಜ್ ಆಗುತ್ತವೆ? ನಮ್ಮ ಕಟ್ಟಡದಲ್ಲಿ ಆಗಲೇ ಐದು ಸ್ಕೂಟರು ಇದ್ದವು. ಒಬ್ಬರು ಮೊದಲ ಮಹಡಿಯ ಬಾಲ್ಕನಿಯಿಂದ ಎಕ್ಸ್‌ಟೆನ್ಷನ್ ಬೋರ್ಡು ಇಳಿಬಿಡುತ್ತಿದ್ದರು, ಮಳೆ ಬಂದರೆ ಅದಕ್ಕೊಂದು ಪ್ಲಾಸ್ಟಿಕ್ ಕವರು. ಇಬ್ಬರು ಬ್ಯಾಟರಿ ಬಿಚ್ಚಿ ಲಿಫ್ಟಿನಲ್ಲಿ ಮೇಲೊಯ್ದು ಹಾಲಿನಲ್ಲಿ, ಬಾಗಿಲ ಪಕ್ಕದಲ್ಲೇ ಚಾರ್ಜಿಗಿಡುತ್ತಿದ್ದರು. ಹೊತ್ತಿಕೊಂಡರೆ ಮನೆಯವರು ಹೊರಗೆ ಓಡಬೇಕಾದ ದಾರಿಯಲ್ಲೇ ಬೆಂಕಿ. ಇನ್ನೊಬ್ಬರು ಪಂಪ್ ರೂಮಿನ ಹಳೆಯ ಪ್ಲಗ್ಗಿಗೆ ಹಾಕುತ್ತಿದ್ದರು. ಸಂಘ ಬೇಡ ಎಂದರೂ ಚಾರ್ಜಿಂಗ್ ನಿಂತಿರಲಿಲ್ಲ, ಕಣ್ಣಿಗೆ ಬೀಳದ ಕಡೆಗೆ ಹೋಗಿತ್ತು ಅಷ್ಟೇ.

ಆ ಸಭೆಯಲ್ಲಿ ಒಪ್ಪಿದ ಕಟ್ಟುಪಾಡುಗಳು ನನಗೆ ಇವತ್ತಿಗೂ ಸರಿ ಅನ್ನಿಸುತ್ತವೆ. ಮೆಟ್ಟಿಲು, ಲಿಫ್ಟು, ಡೀಸೆಲ್ ಇಡುವ ಜಾಗ, ಗ್ಯಾಸ್ ಪೈಪು ಇವುಗಳ ಪಕ್ಕ ಪಾಯಿಂಟು ಇಲ್ಲ. ಅಂಥ ಕಡೆ ಪಾರ್ಕಿಂಗ್ ಇದ್ದ ಇಬ್ಬರು ಬೇರೆಯವರೊಂದಿಗೆ ಜಾಗ ಅದಲುಬದಲು ಮಾಡಿಕೊಂಡರು. ಇಡೀ ಚಾರ್ಜಿಂಗ್ ಬೋರ್ಡನ್ನು ಒಂದೇ ಏಟಿಗೆ ಆರಿಸುವ ಕೆಂಪು ಗುಂಡಿ ಸೆಕ್ಯುರಿಟಿಯವರ ಮೇಜಿನ ಬಳಿ, ರ‍್ಯಾಂಪಿನ ಮೇಲೆ ಇದೆ, ಬೇಸ್‌ಮೆಂಟಿಗೆ ಇಳಿಯಬೇಕಿಲ್ಲ. ಹೊಗೆ ಕಂಡರೆ ಗುಂಡಿ ಒತ್ತು, 112ಕ್ಕೆ ಫೋನ್ ಮಾಡು, ಹತ್ತಿರ ಹೋಗಬೇಡ ಎಂದು ಅಲ್ಲೇ ಕನ್ನಡದಲ್ಲೂ ಹಿಂದಿಯಲ್ಲೂ ಬರೆದಿದೆ. ಕಟ್ಟಡದ ವಿಮೆ ಮಾಡಿದ ಕಂಪನಿಗೆ ಲಿಖಿತವಾಗಿ ತಿಳಿಸಿದೆವು. ಹೇಳದೆ ಇದ್ದರೆ ನಾಳೆ ಕ್ಲೇಮ್ ತಿರಸ್ಕರಿಸಲು ಅದೊಂದೇ ನೆಪ ಸಾಕು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಎಷ್ಟೋ ಬೇಸ್‌ಮೆಂಟುಗಳು ತುಂಬಿದ್ದನ್ನು ನೆನಪಿಟ್ಟುಕೊಂಡು ಪ್ಲಗ್ಗುಗಳನ್ನು ಎದೆಯೆತ್ತರಕ್ಕೆ ಹಾಕಿಸಿದೆವು.

ನಿಜವಾಗಿ ಹೆಚ್ಚು ಸಲ ಆಗುವ ಅನಾಹುತ ಬ್ಯಾಟರಿಯದಲ್ಲ, ವೈರು ಮತ್ತು ಪ್ಲಗ್ಗಿನದು. ಗೀಸರು ಇಪ್ಪತ್ತು ನಿಮಿಷ ಉರಿದು ಆರುತ್ತದೆ. ಕಾರು ಅದೇ ಪ್ಲಗ್ಗಿನಿಂದ ಗಂಟೆಗಟ್ಟಲೆ ಎಳೆಯುತ್ತದೆ. ಗೀಸರಿಗೆ ಸಾಕಾಗುವ ಕೆಲಸ ಇಲ್ಲಿ ಸಾಲದು.

ನನ್ನ ಮೊದಲ ಯೋಜನೆಯಲ್ಲಿ ಮೀಟರಿನಿಂದ ಪಾರ್ಕಿಂಗಿಗೆ 60 ಮೀಟರು ದೂರ ಇತ್ತು. ಎಲೆಕ್ಟ್ರಿಷಿಯನ್ನು "ಎರಡೂವರೆ ಎಂಎಂ ವೈರ್ ಸಾಕು ಮೇಡಂ, ಹದಿನೈದು ಆಂಪ್ಸ್ ಪ್ಲಗ್ಗಿಗೆ ಅದೇ ಹಾಕೋದು" ಎಂದಿದ್ದರು. ಅಡುಗೆಮನೆಗೆ ಅದು ಸರಿ. 60 ಮೀಟರು ಹೋಗಿ 60 ಮೀಟರು ವಾಪಸು ಬರುವ ಆ ವೈರಿನಲ್ಲಿ 15 ಆಂಪ್ಸ್ ಹರಿದರೆ ಸುಮಾರು 13 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಹೊರಟದ್ದು 230, ತಲುಪಿದ್ದು 217. ಆ ವ್ಯತ್ಯಾಸ 200 ವ್ಯಾಟ್ ಶಾಖವಾಗಿ ವೈರಿನುದ್ದಕ್ಕೂ ಹೊರಬೀಳುತ್ತದೆ. 6 ಎಂಎಂ ತಾಮ್ರದ ಕೇಬಲ್ ಆದರೆ ನಷ್ಟ ಐದೂವರೆ ವೋಲ್ಟಿಗೆ ಇಳಿಯುತ್ತದೆ, ಬೆಲೆ ಏರುತ್ತದೆ. ನಡುಕಂಬದಲ್ಲಿ ಬೋರ್ಡು ಬಂದ ಮೇಲೆ ನನ್ನ ಜಾಗಕ್ಕೆ 18 ಮೀಟರೇ ದೂರ. 4 ಎಂಎಂ ಕೇಬಲ್ಲಿನಲ್ಲಿ ಎರಡೂವರೆ ವೋಲ್ಟ್ ನಷ್ಟ. ಒಬ್ಬೊಬ್ಬರೇ ಎಳೆದುಕೊಳ್ಳುವುದಕ್ಕಿಂತ ಕೂಡಿ ಎಳೆದದ್ದು ಅಗ್ಗವೂ ಆಯಿತು, ತಂಪೂ ಆಯಿತು. ಕೇಬಲ್ ಆರ್ಮರ್ಡ್ ಇರಲಿ, ಅಂದರೆ ಹೊರಗೆ ಉಕ್ಕಿನ ತಂತಿಯ ಹೊದಿಕೆ ಇರುವಂಥದು. ಬೇಸ್‌ಮೆಂಟಿನಲ್ಲಿ ಹೆಗ್ಗಣ ಇವೆ.

ಪ್ರತಿ ಪಾಯಿಂಟಿಗೂ 30 ಮಿಲಿಆಂಪ್ಸಿಗೆ ಬೀಳುವ ಲೀಕೇಜ್ ಬ್ರೇಕರ್ ಬೇಕು. ಇಡೀ ಬೋರ್ಡಿಗೆ ಒಂದೇ ಹಾಕಿದರೆ ಒಬ್ಬರ ಚಾರ್ಜರು ಕೆಟ್ಟ ರಾತ್ರಿ ಎಲ್ಲರ ಕಾರೂ ಚಾರ್ಜ್ ಆಗದೆ ನಿಲ್ಲುತ್ತದೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಅನೇಕ ಚಾರ್ಜರುಗಳು ಕೆಂಪು ದೀಪ ತೋರಿಸಿ ಕೆಲಸವನ್ನೇ ಮಾಡುವುದಿಲ್ಲ. ಆಗ ಜನ ಅಡ್ಡದಾರಿ ಹುಡುಕುತ್ತಾರೆ, ಅರ್ಥ್ ಪಿನ್ನಿಗೆ ನ್ಯೂಟ್ರಲ್ ಜೋಡಿಸಿ ಚಾರ್ಜರನ್ನು ನಂಬಿಸುತ್ತಾರೆ. ಇದು ಜೀವ ತೆಗೆಯುವ ಕೆಲಸ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಕಾರಿನ ಇಡೀ ಮೈಗೆ ಕರೆಂಟು ಬರುತ್ತದೆ. ಕೆಂಪು ದೀಪ ಬಂದರೆ ಅರ್ಥ್ ಪಿಟ್ಟನ್ನು ಸರಿಪಡಿಸಬೇಕು, ಬೇರೆ ಉಪಾಯ ಇಲ್ಲ.

ಶುರುವಾದ ಮೂರನೇ ತಿಂಗಳಲ್ಲಿ ನಮ್ಮಲ್ಲೂ ಒಂದು ಪ್ಲಗ್ಗು ಕಂದಿತು. ಬಿಳಿಯ ಪ್ಲಾಸ್ಟಿಕ್ಕು ಪಿನ್ನಿನ ತೂತಿನ ಸುತ್ತ ಕಂದು ಬಣ್ಣಕ್ಕೆ ತಿರುಗಿತ್ತು, ಸುಟ್ಟ ವಾಸನೆ ಸಣ್ಣಗೆ ಬರುತ್ತಿತ್ತು. ಬಿಚ್ಚಿ ನೋಡಿದರೆ ಒಳಗಿನ ಸ್ಕ್ರೂ ಸಡಿಲ. ಅಷ್ಟೇ ಕಾರಣ. ಅಂದಿನಿಂದ ಆರು ತಿಂಗಳಿಗೊಮ್ಮೆ ಎಲ್ಲ ಸ್ಕ್ರೂ ಬಿಗಿ ಮಾಡಿಸುತ್ತೇವೆ. ಮನೆಯವರು ತಾವೇ ನೋಡಿಕೊಳ್ಳಬೇಕಾದದ್ದು ಇಷ್ಟು. ಚಾರ್ಜಿಗೆ ಹಾಕಿ ಒಂದು ಗಂಟೆಯಾದ ಮೇಲೆ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಆರಿಸಿ, ಸರಿ ಮಾಡಿಸುವವರೆಗೆ ಹಾಕಬೇಡಿ. ಪ್ಲಗ್ಗು ಸಾಕೆಟ್ಟಿನಲ್ಲಿ ಅಲುಗಾಡುತ್ತಿದ್ದರೆ ಸಾಕೆಟ್ ಬದಲಿಸುವ ಕಾಲ ಬಂದಿದೆ.

ಎರಡನೇ ಪತ್ರ ಒಂದೂವರೆ ಪುಟ ಇತ್ತು. ಏಳು ಮನೆಯವರ ಸಹಿ, ಅದರಲ್ಲಿ ಇಬ್ಬರಿಗೆ ಇನ್ನೂ ವಾಹನವೇ ಇರಲಿಲ್ಲ. ಅದರ ಮೊದಲ ಸಾಲಿನಲ್ಲಿ ಅನುಮತಿ ಎಂಬ ಪದ ಇರಲಿಲ್ಲ. "ನಮ್ಮ ಟ್ರಾನ್ಸ್‌ಫಾರ್ಮರಿನಲ್ಲಿ ಮಂಜೂರಾದ ಲೋಡ್ ಕಳೆದು 55 ಕಿಲೋವ್ಯಾಟ್ ಉಳಿದಿದೆ. ಅದು 48 ಮನೆಗೂ ಸೇರಿದ್ದು. ಅದನ್ನು ಎಲ್ಲರಿಗೂ ಒದಗುವಂತೆ ಬಳಸುವ ಒಂದು ಯೋಜನೆಯನ್ನು ಸಭೆಯ ಮುಂದಿಡುತ್ತಿದ್ದೇವೆ" ಎಂದು ಶುರುವಾಗಿತ್ತು. ನಂತರ ಒಂದು ವಾರದ ಅಳತೆ, ಕೇಬಲ್ ಹೋಗುವ ದಾರಿಯನ್ನು ಗೆರೆ ಎಳೆದು ತೋರಿಸಿದ ಬೇಸ್‌ಮೆಂಟಿನ ನಕ್ಷೆ, ಕೆಲಸ ಮಾಡುವ ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರ ಅಂದಾಜು ಪಟ್ಟಿ. ದಪ್ಪ ಕೇಬಲ್ಲಿಗೂ ಬೋರ್ಡಿಗೂ ಏಳು ಮಂದಿ ಈಗ ಹಣ ಹಾಕುತ್ತೇವೆ, ಮುಂದೆ ಸೇರುವ ಪ್ರತಿಯೊಬ್ಬರೂ ಹನ್ನೆರಡನೇ ಒಂದು ಪಾಲು ಕಟ್ಟುತ್ತಾರೆ, ಆ ಹಣ ಮೊದಲು ಹಾಕಿದವರಿಗೆ ಹಂಚಿಹೋಗುತ್ತದೆ, ಹನ್ನೆರಡು ದಾಟಿದ ಮೇಲೆ ಬರುವವರ ಪಾಲು ಸರದಿಯ ಟೈಮರುಗಳಿಗೂ ಬೋರ್ಡಿನ ರಿಪೇರಿಗೂ ಎಂದು ಬರೆದೆವು. ಪಾಯಿಂಟು ವ್ಯಕ್ತಿಗಲ್ಲ, ಪಾರ್ಕಿಂಗ್ ಜಾಗಕ್ಕೆ ಸೇರಿದ್ದು. ಬಾಡಿಗೆಯವರು ಮನೆ ಬಿಟ್ಟರೂ ಅದು ಅಲ್ಲೇ ಇರುತ್ತದೆ. ಯಾರೂ ತಮ್ಮ ಪ್ಲಗ್ಗಿಗೆ 3.3ಕ್ಕಿಂತ ದೊಡ್ಡ ಚಾರ್ಜರು ಹಾಕುವಂತಿಲ್ಲ. ಹಾಕಿದರೆ ಆ ಪಾಯಿಂಟಿನ ಬ್ರೇಕರ್ ತಾನೇ ಬೀಳುತ್ತದೆ.

ಸಭೆ ಎರಡು ಗಂಟೆ ನಡೆಯಿತು. ಮೂವರು ಕೊನೆಯವರೆಗೂ ಒಪ್ಪಲಿಲ್ಲ. ನಿರ್ಣಯ ಆಯಿತು. ನನ್ನ ಪಾಲಿಗೆ ಬಂದ ಖರ್ಚು ಸುಮಾರು 30 ಸಾವಿರ ರೂಪಾಯಿ, ಅದರಲ್ಲಿ ಹೆಚ್ಚಿನದು ಕೇಬಲ್ಲಿನದೇ.

ಒಪ್ಪದ ಮೂವರಲ್ಲಿ ಒಬ್ಬರು ಮುಂದಿನ ಸಭೆಯಲ್ಲಿ ಟೆರೇಸಿನ ಸೋಲಾರ್ ವಿಷಯ ಎತ್ತಿದರು. ತಮ್ಮ ಮನೆ ಮೇಲಿನ ಮಹಡಿಯಲ್ಲಿದೆ, ಅದರ ನೇರ ಮೇಲೆ 3 ಕಿಲೋವ್ಯಾಟಿನ ಪ್ಯಾನೆಲ್ ಹಾಕಿಕೊಳ್ಳುತ್ತೇನೆ ಎಂದರು. ಹದಿನಾಲ್ಕನೆಯವರ ಪ್ರಶ್ನೆ ಅಲ್ಲಿ ಇನ್ನೂ ಬೇಗ ಬರುತ್ತದೆ. ಒಂದು ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು ನೂರು ಚದರ ಅಡಿ ಬೇಕು. ನೀರಿನ ಟ್ಯಾಂಕು, ಲಿಫ್ಟಿನ ಕೋಣೆ, ಬಿಸಿನೀರಿನ ಸೋಲಾರುಗಳನ್ನೂ ಅವುಗಳ ನೆರಳನ್ನೂ ಕಳೆದರೆ ನಮ್ಮಲ್ಲಿ ಉಳಿಯುವುದು ಎರಡು ಸಾವಿರ ಚದರ ಅಡಿ, ಅಂದರೆ 20 ಕಿಲೋವ್ಯಾಟ್. ಮೂರರಂತೆ ಹಂಚಿದರೆ ಆರು ಮನೆಗೆ ಮುಗಿಯಿತು. ಆದ್ದರಿಂದ ಅದನ್ನು ಕಾಮನ್ ಮೀಟರಿಗೇ ಹಾಕಬೇಕು ಎಂದು ತೀರ್ಮಾನವಾಯಿತು. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಯೊಂದಕ್ಕೆ 3 ಕಿಲೋವ್ಯಾಟಿಗೆ ಗರಿಷ್ಠ 78 ಸಾವಿರ ರೂಪಾಯಿ ಸಹಾಯಧನ ಇದೆ. ವಸತಿ ಸಂಘಗಳಿಗೆ ಬೇರೆ ದರ, ಕಿಲೋವ್ಯಾಟಿಗೆ 18 ಸಾವಿರ. ಸಂಘದ ಸಾಮಾನ್ಯ ಸೌಲಭ್ಯಗಳಿಗೆ ಕೊಡುವ ಈ ಹಣದಲ್ಲಿ ವಾಹನ ಚಾರ್ಜಿಂಗೂ ಸೇರಿದೆ. 20 ಕಿಲೋವ್ಯಾಟಿಗೆ 3 ಲಕ್ಷ 60 ಸಾವಿರ ಬರುತ್ತದೆ. ಬೆಂಗಳೂರಿನ ಬಿಸಿಲಿಗೆ ದಿನಕ್ಕೆ ಸರಾಸರಿ 80 ಯೂನಿಟ್ ಹುಟ್ಟಬಹುದು. ಸದ್ಯ ಗುತ್ತಿಗೆದಾರರಿಂದ ದರಪಟ್ಟಿ ತರಿಸಿದ್ದೇವೆ, ಟೆರೇಸಿನ ವಾಟರ್‌ಪ್ರೂಫಿಂಗ್ ಒಡೆಯದೆ ಪ್ಯಾನೆಲ್ ನಿಲ್ಲಿಸುವುದು ಹೇಗೆ ಅನ್ನುವ ಚರ್ಚೆ ನಡೆದಿದೆ.

ಚಾರ್ಜಿಂಗಿಗೆ ಈಗ ಹೊಸ ಪತ್ರ ಬರೆಯಬೇಕಿಲ್ಲ, ಅರ್ಧ ಪುಟದ ಅರ್ಜಿ ನಮೂನೆ ಇದೆ. ಮನೆ ನಂಬರು, ಪಾರ್ಕಿಂಗ್ ನಂಬರು, ವಾಹನ ಯಾವುದು, ಬಾಡಿಗೆಯವರಾದರೆ ಮಾಲೀಕರ ಸಹಿ. ಕಳೆದ ತಿಂಗಳು ನೆಲಮಹಡಿಯ ಬಾಡಿಗೆ ಮನೆಯ ನರ್ಸ್ ಒಬ್ಬರು ಸ್ಕೂಟರಿಗೆಂದು ಅದನ್ನು ತುಂಬಿ ಕೊಟ್ಟರು. ರಾತ್ರಿ ಪಾಳಿ ಮುಗಿಸಿ ಬರುವ ಅವರಿಗೆ ಚಾರ್ಜಿಂಗ್ ಬೇಕಾದದ್ದು ಬೆಳಗ್ಗೆ ಎಂಟಕ್ಕೆ, ಎಲ್ಲರ ಗೀಸರೂ ಉರಿಯುವ ಹೊತ್ತು. ಹಿರಿಯರು ಪುಸ್ತಕ ತೆಗೆದು ನೋಡಿದರು. ಸ್ಕೂಟರಿನ ಚಾರ್ಜರು ಒಂದು ಕಿಲೋವ್ಯಾಟೂ ಇಲ್ಲ, ಬಿ ಫೇಸಿನಲ್ಲಿ ಆ ಹೊತ್ತಿಗೂ ಜಾಗ ಇದೆ. "ಬಿ ಫೇಸಿಗೆ ಹಾಕಿಕೊಡಿ" ಎಂದು ಎಲೆಕ್ಟ್ರಿಷಿಯನ್ನಿಗೆ ಹೇಳಿದರು. ಬೋರ್ಡಿನ ಒಂಬತ್ತನೇ ಸ್ವಿಚ್ಚಿನ ಮೇಲೆ ಈಗ ಅವರ ಮನೆಯ ನಂಬರು ಇದೆ.